ಫಾಲೋವರ್ ಯಾರು, ಗಿರಾಕಿ ಯಾರು: ಇಳಕಲ್ ಸೀರೆಯ ಒಂದು ಲೆಕ್ಕ

(ಇನ್‌ಸ್ಟಾಗ್ರಾಂ ಮೂಲಕ ಸೀರೆ ಮಾರುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತಿಗೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ, ಕೊನೆಯವರೆಗೂ ಅದನ್ನೇ ಹಿಡಿದು ಹೋಗೋಣ. ಇಳಕಲ್ಲಿನಲ್ಲಿ ಒಂದು ಮನೆ. ನಾಲ್ಕು ಮಗ್ಗ. ಸೀರೆ ಮಾರಾಟ ಇನ್‌ಸ್ಟಾಗ್ರಾಂ ಮತ್ತು ವಾಟ್ಸ್ಯಾಪ್ ಮೂಲಕ. ಮನೆ ಕಾಲ್ಪನಿಕ, ಮುಂದೆ ಬರುವ ಅದರ ಅಂಕಿಗಳೂ ಲೆಕ್ಕ ಕಲಿಯಲಿಕ್ಕೆ ನಾವೇ ಇಟ್ಟುಕೊಂಡವು. ಆದರೆ ಅದಕ್ಕೆ ಎದುರಾಗುವ ತೊಡಕುಗಳನ್ನು ಇಲ್ಲಿ ಕೂತವರಲ್ಲಿ ಬಹಳ ಮಂದಿ ಗುರುತು ಹಿಡಿಯುತ್ತೀರಿ.

ಈ ಖಾತೆಗೆ 4,200 ಫಾಲೋವರ್‌ಗಳಿದ್ದರು. ಒಂದು ದಿನ ಒಂದು ರೀಲ್ ಹಾಕಿದರು. ಒಡಲಿನ ಹಾಸುನೂಲಿಗೂ ಸೆರಗಿನ ಹಾಸುನೂಲಿಗೂ ಕೊಂಡಿ ಹಾಕಿ ಜೋಡಿಸುವ ಕೆಲಸ, ಇಳಕಲ್ ಸೀರೆಯನ್ನು ಇಳಕಲ್ ಸೀರೆಯನ್ನಾಗಿ ಮಾಡುವ ಕೆಲಸವೇ ಅದು. ರೀಲ್ ಓಡಿತು. ಎರಡು ತಿಂಗಳಲ್ಲಿ ಫಾಲೋವರ್ ಸಂಖ್ಯೆ 11,800 ಆಯಿತು. ಸೀರೆ ಮಾತ್ರ ಮೊದಲು ಎಷ್ಟು ಹೋಗುತ್ತಿತ್ತೋ ಹೆಚ್ಚುಕಡಿಮೆ ಅಷ್ಟೇ ಹೋಗುತ್ತಿದೆ. ಆಗ ಮನೆಯವರು ಫಾಲೋವರ್‌ಗಳ ಲೆಕ್ಕ ತೋರಿಸುವ ಇನ್‌ಸೈಟ್ಸ್ ತೆರೆದು ನೋಡುತ್ತಾರೆ: ಗಂಡಸರು 63%, ಹೆಂಗಸರು 37%. ಮೊದಲು ಹೆಂಗಸರೇ 68% ಇದ್ದರು. "ನಮ್ಮ ಗಿರಾಕಿಗಳೆಲ್ಲ ಬಿಟ್ಟು ಹೋದರು" ಎಂದು ತಲೆ ಮೇಲೆ ಕೈ.

ಬಿಟ್ಟು ಹೋದರೆ? ಶೇಕಡವನ್ನು ಜನರ ಸಂಖ್ಯೆಗೆ ತಿರುಗಿಸಿ ನೋಡಿ. 4,200ರಲ್ಲಿ 68% ಅಂದರೆ 2,856 ಹೆಂಗಸರು. 11,800ರಲ್ಲಿ 37% ಅಂದರೆ 4,366. ಹೆಂಗಸರು ಕಡಿಮೆಯಾಗಿಲ್ಲ, 1,510 ಮಂದಿ ಹೆಚ್ಚಿದ್ದಾರೆ. ಅದೇ ಹೊತ್ತಿಗೆ ಗಂಡಸರು 1,344ರಿಂದ 7,434ಕ್ಕೆ ಏರಿ, 6,090 ಮಂದಿ ಹೊಸದಾಗಿ ಸೇರಿದ್ದಾರೆ. ಹಾಲು ಕಡಿಮೆಯಾಗಿಲ್ಲ, ಮೇಲೆ ನೀರು ಬಿದ್ದಿದೆ. ಇನ್‌ಸೈಟ್ಸ್ ನೋಡುವವರು ಎಡವುವ ಮೊದಲ ಕಲ್ಲು ಇದು. ಪರದೆ ತೋರಿಸುವುದು ಪಾಲನ್ನು, ನಮಗೆ ಬೇಕಾಗಿರುವುದು ತಲೆ ಎಣಿಕೆ.

ಈ ಹೋಲಿಕೆ ಮಾಡಲು ಆಗಿದ್ದು ಹಳೆಯ 68% ಎಂಬ ಅಂಕಿ ಕೈಯಲ್ಲಿದ್ದದ್ದರಿಂದ. ಫಾಲೋವರ್‌ಗಳ ವಯಸ್ಸು, ಊರು, ಲಿಂಗ ತೋರಿಸುವ ಪುಟ ಈ ಹೊತ್ತಿನ ಚಿತ್ರ ಮಾತ್ರ. ಆರು ತಿಂಗಳ ಹಿಂದೆ ಹೇಗಿತ್ತು ಎಂದು ಅಲ್ಲಿ ಕೇಳಿದರೆ ಉತ್ತರ ಸಿಗದು. ಆದ್ದರಿಂದ ಪ್ರತಿ ತಿಂಗಳ 1ನೇ ತಾರೀಖು ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಒಂದು ಫೋಲ್ಡರಿನಲ್ಲಿ ಇಡಿ, ಆ ದಿನದ ಒಟ್ಟು ಫಾಲೋವರ್ ಸಂಖ್ಯೆ ಸಮೇತ. ಸಂಖ್ಯೆ ಇಲ್ಲದ ಶೇಕಡ ಮುಂದೆ ಯಾವ ಕೆಲಸಕ್ಕೂ ಬರುವುದಿಲ್ಲ.

ಪುಟ ಎಲ್ಲಿದೆ ಎಂದು ಗೊತ್ತಿಲ್ಲದವರಿಗೆ: ಖಾತೆ ಬಿಸಿನೆಸ್ ಅಥವಾ ಕ್ರಿಯೇಟರ್ ಬಗೆಯದಾಗಿರಬೇಕು, ಕನಿಷ್ಠ 100 ಫಾಲೋವರ್‌ಗಳಿರಬೇಕು. ಪ್ರೊಫೈಲಿನಲ್ಲಿ Professional dashboard ಒತ್ತಿ, ಅಲ್ಲಿಂದ ಇನ್‌ಸೈಟ್ಸ್, ಅಲ್ಲಿ Followers. ಕೆಳಗೆ ಇಳಿಯುತ್ತ ಹೋದರೆ Top locations, Age range, Gender, Most active times ಸಿಗುತ್ತವೆ. ಆ್ಯಪ್ ಹೊಸದಾದಾಗಲೆಲ್ಲ ಗುಂಡಿಗಳು ಜಾಗ ಬದಲಿಸುತ್ತವೆ, ಆದರೆ ಈ ನಾಲ್ಕು ಹೆಸರು ಹುಡುಕಿದರೆ ಸಾಕು. ಫೇಸ್‌ಬುಕ್ ಪುಟವೂ ಇದ್ದವರು Meta Business Suite ತೆರೆದರೆ ಎರಡರ ಪ್ರೇಕ್ಷಕರನ್ನೂ ಒಂದೇ ಕಡೆ ನೋಡಬಹುದು.

ಇದು ಒಂದು ಕಡೆಯ ತಕ್ಕಡಿ. ಇನ್ನೊಂದು ಕಡೆ ಇಡಬೇಕಾದ್ದು ನಿಮ್ಮ ಗಿರಾಕಿಗಳ ಪಟ್ಟಿ. ಅದನ್ನು ಯಾವ ಆ್ಯಪ್ ಕೂಡ ಮಾಡಿಕೊಡುವುದಿಲ್ಲ, ಕೆಲಸ ಹೆಚ್ಚಿರುವುದೂ ಅಲ್ಲೇ. "ನಮ್ಮ ಗಿರಾಕಿ ಯಾರು ಅಂತ ನಮಗೆ ಗೊತ್ತು" ಎನ್ನುವವರು ಸಾಮಾನ್ಯವಾಗಿ ನೆನಪಿನಲ್ಲಿ ಉಳಿದ ಐದಾರು ಜನರನ್ನು ಕುರಿತು ಹೇಳುತ್ತಿರುತ್ತಾರೆ: ಹೆಚ್ಚು ಮಾತಾಡಿದವರು, ಹೆಚ್ಚು ಚೌಕಾಸಿ ಮಾಡಿದವರು, ಸೀರೆ ವಾಪಸ್ ಕಳಿಸಿದವರು.

ಊರಿನಿಂದ ಶುರು ಮಾಡೋಣ. ಯಾರನ್ನೂ ಏನೂ ಕೇಳದೆ ಸಿಗುವ ಮಾಹಿತಿ ಅದೊಂದೇ. ಕೊರಿಯರ್ ಚೀಟಿಗಳಲ್ಲಿ ಪಿನ್‌ಕೋಡ್ ಇರುತ್ತದೆ. ಕಳೆದ ಮೂರು ತಿಂಗಳ ಆರ್ಡರ್‌ಗಳ ಪಿನ್‌ಕೋಡನ್ನು ಎಕ್ಸೆಲ್ ಅಥವಾ ಗೂಗಲ್ ಶೀಟಿನಲ್ಲಿ A ಕಾಲಂನಲ್ಲಿ ಬರೆಯಿರಿ. ಮೊದಲ ಮೂರು ಅಂಕಿಯೇ ಸೀಮೆಯನ್ನು ಹೇಳುತ್ತದೆ. 560 ಬೆಂಗಳೂರು ನಗರ, 580 ಹುಬ್ಬಳ್ಳಿ-ಧಾರವಾಡ, 590 ಬೆಳಗಾವಿ, 411 ಪುಣೆ, 413 ಸೊಲ್ಲಾಪುರದ ಕಡೆ, 416 ಕೊಲ್ಲಾಪುರ-ಸಾಂಗ್ಲಿ, 400 ಮುಂಬೈ. B ಕಾಲಂನಲ್ಲಿ ಮೊದಲ ಸೂತ್ರ ಹಾಕಿ ಕೆಳಗೆ ಎಳೆಯಿರಿ. ಎರಡನೆಯದು ಎಣಿಕೆಗೆ:

```
=LEFT(TRIM(A2),3)
=COUNTIF(B:B,"560")
```

TRIM ಯಾಕೆಂದರೆ, ವಾಟ್ಸ್ಯಾಪಿನಿಂದ ನಕಲಿಸಿದ ಪಿನ್‌ಕೋಡಿನ ಆರಂಭದಲ್ಲಿ ಒಂದು ಖಾಲಿ ಜಾಗ ಅಂಟಿಕೊಂಡು ಬರುವುದುಂಟು. ಅದನ್ನು ತೆಗೆಯದಿದ್ದರೆ 560 ಎಂಬುದು ಖಾಲಿ ಜಾಗದ ಜೊತೆ 56 ಮಾತ್ರ ಆಗಿ ಎಣಿಕೆಯಿಂದ ತಪ್ಪಿಹೋಗುತ್ತದೆ.

ನಮ್ಮ ಮನೆಯ ಮೂರು ತಿಂಗಳ 120 ಆರ್ಡರ್ ಹೀಗೆ ಹಂಚಿಕೊಂಡಿವೆ ಎನ್ನೋಣ: ಬೆಂಗಳೂರು 34, ಹುಬ್ಬಳ್ಳಿ-ಧಾರವಾಡ 13, ಬೆಳಗಾವಿ 11, ಪುಣೆ 17, ಸೊಲ್ಲಾಪುರದ ಕಡೆ 12, ಕೊಲ್ಲಾಪುರ-ಸಾಂಗ್ಲಿ 8, ಮುಂಬೈ 6, ಉಳಿದ ಕಡೆ 19. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲಿ ಹಿಂದಿನಿಂದಲೂ ಗಿರಾಕಿ ಇರುವುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಆ ನಾಲ್ಕು ಮಹಾರಾಷ್ಟ್ರದ ಸೀಮೆ ಸೇರಿಸಿದರೆ 43 ಆರ್ಡರ್, ಒಟ್ಟಿನ 36%.

ಈಗ ಇನ್‌ಸೈಟ್ಸಿನ ಊರುಗಳ ಪಟ್ಟಿ: ಬೆಂಗಳೂರು 31%, ಹುಬ್ಬಳ್ಳಿ 7%, ವಿಜಯಪುರ 5%, ಮೈಸೂರು 4%, ಬೆಳಗಾವಿ 4%. ಅಷ್ಟೇ, ಆ್ಯಪ್ ತೋರಿಸುವುದು ಐದೇ ಊರು. ಪುಣೆಯ ಸುಳಿವಿಲ್ಲ.

ಇಲ್ಲಿ ಎರಡು ಮಾತು ಹೇಳಬೇಕು. ಮೊದಲನೆಯದು ಬೆಂಗಳೂರಿನ ಬಗ್ಗೆ. 31% ನೋಡಿ "ನಮ್ಮ ಗಿರಾಕಿ ಬೆಂಗಳೂರಿನವರು, ಫಾಲೋವರ್‌ಗಳೂ ಬೆಂಗಳೂರಿನವರು, ತಾಳೆ ಆಯಿತು" ಎಂದುಕೊಳ್ಳಬೇಡಿ. ಕನ್ನಡದಲ್ಲಿ ಬರೆಯುವ ಯಾವುದೇ ಖಾತೆ ತೆಗೆದುಕೊಳ್ಳಿ, ಅಡುಗೆಯದಾಗಲಿ ಟ್ರ್ಯಾಕ್ಟರಿನದಾಗಲಿ, ಮೇಲೆ ಬೆಂಗಳೂರೇ ಇರುವ ಸಂಭವ ಹೆಚ್ಚು. ಜನ ಅಲ್ಲಿ ಇದ್ದಾರೆ, ಅದಕ್ಕೇ ಇದೆ. ಜೊತೆಗೆ ಮೊಬೈಲ್ ಇಂಟರ್‌ನೆಟ್ ಬಳಸುವ ಫೋನು ನಿಜವಾಗಿ ಇರುವ ಸಣ್ಣ ಊರಿನ ಬದಲು ದೊಡ್ಡ ನಗರದಲ್ಲಿ ಇದ್ದಂತೆ ಲೆಕ್ಕಕ್ಕೆ ಬೀಳುವುದೂ ಉಂಟು. ಹಾಗಾಗಿ ಬೆಂಗಳೂರಿನ ತಾಳೆ ಏನನ್ನೂ ಸಾಬೀತು ಮಾಡುವುದಿಲ್ಲ. ನೋಡಬೇಕಾದ್ದು ಎರಡನೆಯ, ಮೂರನೆಯ, ನಾಲ್ಕನೆಯ ಊರುಗಳನ್ನು.

ಎರಡನೆಯದು, ಪಟ್ಟಿಯಲ್ಲಿ ಇಲ್ಲದ ಊರನ್ನೂ ಓದಬಹುದು. ಐದನೆಯ ಊರು 4% ಇದೆ ಎಂದರೆ, ಪಟ್ಟಿಗೆ ಬರದ ಯಾವ ಊರೂ 4% ದಾಟಿಲ್ಲ ಎಂದರ್ಥ. ಪುಣೆಯ ಫಾಲೋವರ್ ಪಾಲು ಹೆಚ್ಚೆಂದರೆ 4%, ಗಿರಾಕಿಗಳಲ್ಲಿ ಪುಣೆಯ ಪಾಲು 14%. ಮೂರೂವರೆ ಪಟ್ಟು ವ್ಯತ್ಯಾಸ. ಒಂದು ಎಚ್ಚರ: 411ರಲ್ಲಿ ಪಿಂಪ್ರಿ-ಚಿಂಚವಾಡವೂ ಬರುತ್ತದೆ, ಇನ್‌ಸ್ಟಾಗ್ರಾಂ ಅದನ್ನು ಬೇರೆ ಊರೆಂದು ಎಣಿಸಿದ್ದರೆ ಎರಡೂ ಸೇರಿ ಮಿತಿ 8% ಆಗುತ್ತದೆ. ಆಗಲೂ 14ಕ್ಕೆ ಸಾಲದು, ಆದರೆ ಮೊದಲಿನಷ್ಟು ಗಟ್ಟಿಯಾಗಿ ಹೇಳಲು ಬರುವುದಿಲ್ಲ. 400ಕ್ಕೂ ಇದೇ ಮಾತು. ಅದರಲ್ಲಿ ಠಾಣೆ, ನವಿ ಮುಂಬೈ ಎಲ್ಲ ಸೇರಿವೆ.

ಆರ್ಡರ್ ಎಷ್ಟಿದ್ದರೆ ಈ ಲೆಕ್ಕ ನಂಬಬಹುದು? 120 ಆರ್ಡರ್‌ನಲ್ಲಿ 36% ಎಂದು ಬಂದರೆ ನಿಜವಾದ ಪಾಲು 27ರಿಂದ 44ರ ನಡುವೆ ಎಲ್ಲಾದರೂ ಇರಬಹುದು. ಬರೀ 30 ಆರ್ಡರ್ ಇದ್ದಿದ್ದರೆ ಅದೇ 36% ಎಂಬುದು 19ರಿಂದ 53ರವರೆಗೂ ಹೊಯ್ದಾಡುತ್ತದೆ, ಅದರ ಮೇಲೆ ಏನೂ ಕಟ್ಟಲಾಗದು. ನೂರು ದಾಟುವವರೆಗೆ ಆರ್ಡರ್ ಕೂಡಿಸಿ, ಬೇಕಾದರೆ ಆರು ತಿಂಗಳದ್ದು ತೆಗೆದುಕೊಳ್ಳಿ. ಆ ಅವಧಿಯಲ್ಲಿ ಗೌರಿ-ಗಣೇಶ, ದಸರಾ, ದೀಪಾವಳಿ ಬಂದಿದ್ದರೆ ಮಗ್ಗುಲಲ್ಲಿ ಬರೆದಿಡಿ. ಹಬ್ಬದಲ್ಲಿ ಕೊಳ್ಳುವವರ ಮುಖವೇ ಬೇರೆ.

ಊರು ತಾಳೆಯಾಗಲಿಲ್ಲ. ಸರಿ, ಫಾಲೋವರ್‌ಗಳು ತಪ್ಪು ಜನ ಎಂದು ತೀರ್ಮಾನಿಸೋಣವೇ? ತಡೆಯಿರಿ. ಆ 43 ಜನ ನಿಮ್ಮನ್ನು ಇನ್‌ಸ್ಟಾಗ್ರಾಂನಲ್ಲೇ ಕಂಡರು ಎಂದು ಯಾರು ಹೇಳಿದರು?

ಇಡೀ ಲೆಕ್ಕದಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಇದು, ಬಹುತೇಕ ಎಲ್ಲರೂ ಬಿಟ್ಟುಬಿಡುವ ಪ್ರಶ್ನೆಯೂ ಇದೇ. ವಿಳಾಸ ತೆಗೆದುಕೊಳ್ಳುವಾಗ ಒಂದು ಸಾಲು ಸೇರಿಸಿ: "ಅಕ್ಕಾ, ನಮ್ಮ ಸೀರೆ ಮೊದಲು ಎಲ್ಲಿ ನೋಡಿದ್ರಿ?" ಉತ್ತರವನ್ನು ಶೀಟಿನ ಇನ್ನೊಂದು ಕಾಲಂನಲ್ಲಿ ಮೂರೇ ಬಗೆಯಾಗಿ ಬರೆಯಿರಿ: ಇನ್‌ಸ್ಟಾ, ಪರಿಚಯದವರು, ಹಳೇ ಗಿರಾಕಿ. "ಎಲ್ಲಿಂದ ಆರ್ಡರ್ ಮಾಡ್ತಿದ್ದೀರಿ" ಎಂದು ಕೇಳಬೇಡಿ, ಎಲ್ಲರೂ ವಾಟ್ಸ್ಯಾಪ್ ಎನ್ನುತ್ತಾರೆ. ಆರ್ಡರ್ ಮಾಡುವುದು ವಾಟ್ಸ್ಯಾಪಿನಲ್ಲೇ ಅಲ್ಲವೇ.

ಹೀಗೆ ಕೇಳಿದಾಗ ನಮ್ಮ 120ರಲ್ಲಿ 52 ಇನ್‌ಸ್ಟಾಗ್ರಾಂನಿಂದ ಬಂದವು, 68 ಪರಿಚಯದವರ ಮೂಲಕ ಇಲ್ಲವೇ ಹಳೇ ಗಿರಾಕಿಗಳಿಂದ ಬಂದವು ಎನ್ನೋಣ. ಮಹಾರಾಷ್ಟ್ರದ 43ರಲ್ಲಿ ಇನ್‌ಸ್ಟಾದಿಂದ ಬಂದದ್ದು 12 ಮಾತ್ರ. ಉಳಿದ 31 ಪುಣೆಯ ಒಬ್ಬ ಕಾಕು ತನ್ನ ಭಿಶಿ ಚೀಟಿಯ ಗುಂಪಿಗೆ ಫೋಟೊ ಕಳಿಸಿ, ಅಲ್ಲಿಂದ ಇನ್ನೊಂದು ಗುಂಪಿಗೆ ಹೋಗಿ, ಹಾಗೆ ಬಂದವು. ಅವರು ನಿಮ್ಮನ್ನು ಫಾಲೋ ಮಾಡಬೇಕೆಂದೇನೂ ಇಲ್ಲ. ಮಾಡುತ್ತಿಲ್ಲ ಎಂಬುದು ಖಾತೆಯ ತಪ್ಪೂ ಅಲ್ಲ. ಅದು ಬೇರೆಯದೇ ಒಂದು ದಾರಿ.

ಹಾಗಾಗಿ ಫಾಲೋವರ್‌ಗಳ ಎದುರು ಇಡಬೇಕಾದ್ದು 120 ಅಲ್ಲ, 52. ಆ 52ರಲ್ಲಿ ಬೆಂಗಳೂರು 25, ಅಂದರೆ 48%. ಮಹಾರಾಷ್ಟ್ರ 12, ಅಂದರೆ 23%. ಉಳಿದ 15 ಉತ್ತರ ಕರ್ನಾಟಕ ಮತ್ತು ಇತರೆ. ಚಿತ್ರವೇ ಬದಲಾಯಿತು. ಮಹಾರಾಷ್ಟ್ರದ ಕೊರತೆ ಇದೆ, ಆದರೆ ಮೊದಲು ಕಂಡಷ್ಟು ದೊಡ್ಡದಲ್ಲ. 52 ಸಣ್ಣ ಸಂಖ್ಯೆಯಾದ್ದರಿಂದ 23% ಎಂಬುದನ್ನು 12ರಿಂದ 34ರ ನಡುವೆ ಎಂದೇ ಓದಿಕೊಳ್ಳಿ. ಕ್ಯಾಪ್ಷನ್ ಎಲ್ಲ ಕನ್ನಡದಲ್ಲೇ ಇರುವ ಖಾತೆಯನ್ನು ಸೊಲ್ಲಾಪುರದ ಮರಾಠಿ ಹೆಣ್ಣುಮಗಳು ಯಾಕೆ ಫಾಲೋ ಮಾಡಿಯಾಳು ಎಂಬ ಪ್ರಶ್ನೆಯನ್ನು ಈಗ ಕೇಳಬಹುದು. ಕೆಲವು ಸೀರೆಗಳಿಗೆ ಮರಾಠಿಯಲ್ಲೂ ಎರಡು ಸಾಲು ಬರೆದು, ಎರಡು ತಿಂಗಳಾದ ಮೇಲೆ ಪುಣೆ ಪಟ್ಟಿಯ ಐದರೊಳಗೆ ಬಂತೇ ನೋಡಬಹುದು.

ಇನ್ನು ಲಿಂಗ ಮತ್ತು ವಯಸ್ಸು. ಇಲ್ಲಿ ಎರಡೂ ಕಡೆಯ ಅಂಕಿ ಸ್ವಲ್ಪ ಪೊಳ್ಳು.

ಇನ್‌ಸ್ಟಾಗ್ರಾಂ ವಯಸ್ಸನ್ನು ಮುಖ್ಯವಾಗಿ ಖಾತೆ ತೆರೆದವರು ಕೊಟ್ಟ ಹುಟ್ಟಿದ ದಿನದಿಂದ ತಿಳಿಯುತ್ತದೆ. ಮನೆಯಲ್ಲಿ ಒಂದೇ ಖಾತೆ, ಮಗ ತೆರೆದದ್ದು, ಅಮ್ಮ ನೋಡುವುದು ಎಂದಾದರೆ ಅಮ್ಮ ನಿಮ್ಮ ಇನ್‌ಸೈಟ್ಸಿನಲ್ಲಿ ಇಪ್ಪತ್ತೆರಡರ ಹುಡುಗ. ಇದೇ ಅವಾಂತರ ಗಿರಾಕಿಗಳ ಕಡೆಯೂ ಇದೆ. ದುಡ್ಡು ಬಂದ ಯುಪಿಐ ಹೆಸರು ನೋಡಿ ಗಂಡಸು-ಹೆಂಗಸು ಎಂದು ಬರೆದುಕೊಳ್ಳುವವರಿದ್ದಾರೆ. ನಮ್ಮ 120ರಲ್ಲಿ 44 ಪಾವತಿ ಗಂಡಸರ ಹೆಸರಿನಿಂದ ಬಂದಿದ್ದವು ಎಂದಿಟ್ಟುಕೊಳ್ಳಿ. ಚಾಟ್ ತೆಗೆದು ಓದಿದರೆ ಸೀರೆ ಆರಿಸಿದವರು, ಬಣ್ಣ ಬದಲಿಸಿದವರು, "ಸೆರಗು ಇನ್ನೊಂದು ಸಲ ತೋರಿಸಿ" ಎಂದವರು 106 ಆರ್ಡರ್‌ಗಳಲ್ಲಿ ಹೆಂಗಸರೇ. ದುಡ್ಡು ಕೊಟ್ಟವರು, ಉಡುವವರು, ಆರಿಸಿದವರು ಮೂವರೂ ಬೇರೆಯಾಗಿರಬಹುದು. ಪೋಸ್ಟ್ ಹಾಕುವುದು ಆರಿಸುವವರಿಗಾಗಿ. ಅವರನ್ನೇ ಎಣಿಸಿ.

ವಯಸ್ಸನ್ನು ನೇರವಾಗಿ ಕೇಳುವುದು ಸಭ್ಯವಲ್ಲ, ಉತ್ತರವೂ ಬರುವುದಿಲ್ಲ. ಸೀರೆ ಮುಟ್ಟಿದ ಮೇಲೆ ಹೇಗಿದೆ ಎಂದು ಕೇಳುವ ಮೆಸೇಜಿನ ಕೆಳಗೆ ವಯಸ್ಸಿನ ಗುಂಪು ಕೊಟ್ಟು, ಬೇಕಾದರೆ ಅಂಕಿ ಒತ್ತಿ ಎನ್ನಿ. ಗುಂಪುಗಳ ಅಂಚು ಇನ್‌ಸೈಟ್ಸಿನದ್ದೇ ಇರಲಿ: 18–24, 25–34, 35–44, 45–54, 55 ಮತ್ತು ಮೇಲೆ. 20–30, 30–40 ಎಂದು ಕೇಳಿದರೆ ಆಮೇಲೆ ಎರಡನ್ನೂ ಹೊಂದಿಸಲಾಗದು. 120ರಲ್ಲಿ 71 ಜನ ಉತ್ತರಿಸಿದರು, ಅದರಲ್ಲಿ 46 ಮಂದಿ 35ರಿಂದ 54ರೊಳಗಿನವರು ಎನ್ನೋಣ. ಸುಮಾರು 65%. ಉತ್ತರಿಸದೆ ಉಳಿದವರಲ್ಲಿ ಹಿರಿಯರು ಹೆಚ್ಚಿರಬಹುದು ಎಂಬ ಅನುಮಾನ ಇಟ್ಟುಕೊಂಡೇ ಈ ಅಂಕಿ ಬಳಸಬೇಕು.

ಈಗ ಇನ್‌ಸೈಟ್ಸಿನ Age range. ಎಲ್ಲರನ್ನೂ ಸೇರಿಸಿದ ಪಟ್ಟಿಯಲ್ಲಿ 35–54 ಬರೀ 21%. ಆದರೆ ಅಲ್ಲಿ ಹೆಂಗಸರದ್ದೇ ಬೇರೆ ತೋರಿಸುವ ಆಯ್ಕೆ ಇದ್ದರೆ ಅದನ್ನು ಒತ್ತಿ. 35–44 24%, 45–54 10% ಎಂದು ಕಾಣುತ್ತದೆ ಎನ್ನೋಣ. ಎಲ್ಲ ಗುಂಪುಗಳನ್ನೂ ಕೂಡಿಸಿ ನೋಡಿ, ಮೊತ್ತ 100ರ ಆಸುಪಾಸು ಬಂದರೆ ಆ ಶೇಕಡಗಳು ಹೆಂಗಸರ ಒಳಗಿನ ಪಾಲು ಎಂದು ಖಚಿತ. ಹಾಗಾದರೆ 4,366ರಲ್ಲಿ 34%, ಅಂದರೆ 1,484 ಜನ.

ಈ ಖಾತೆಯ ಅಂಗಡಿ ಮುಂದೆ ನಿಂತಿರುವವರು 11,800 ಅಲ್ಲ, ಸುಮಾರು ಒಂದೂವರೆ ಸಾವಿರ. ಪೋಸ್ಟಿಗೆ 90 ಲೈಕ್ ಬಂತು ಎಂದು ಕೊರಗುವಾಗ ಭಾಗಿಸಬೇಕಾದ್ದು ಈ ಸಂಖ್ಯೆಯಿಂದ.

ತಪ್ಪು ಜನ ಸೇರಿದರೆ ನಷ್ಟ ಏನು, ಇರಲಿ ಬಿಡಿ ಎನ್ನಬಹುದು. ಮಗ್ಗದ ಕೆಲಸ ನೋಡಿ ಖುಷಿಪಡುವ ಹುಡುಗರು ಯಾರಿಗೂ ಭಾರವಲ್ಲ. ಪೆಟ್ಟು ಬೀಳುವುದು ಎರಡು ಕಡೆ.

ಒಂದು, ಬೂಸ್ಟ್ ಮಾಡುವಾಗ, ಅಂದರೆ ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವಾಗ. ಪೋಸ್ಟ್ ಬೂಸ್ಟ್ ಮಾಡಲು ಹೋದರೆ ಪ್ರೇಕ್ಷಕರನ್ನು ಆ್ಯಪ್ ತಾನೇ ಆರಿಸುವ ಆಯ್ಕೆ ಮುಂದಿರುತ್ತದೆ. ನಿಮ್ಮ ಫಾಲೋವರ್‌ಗಳಂಥವರನ್ನು ಹುಡುಕುವುದು ಅದರ ಕೆಲಸ. ಫಾಲೋವರ್‌ಗಳಲ್ಲಿ 63% ಗಂಡಸರು, ಬಹುಪಾಲು ಮೂವತ್ನಾಲ್ಕರ ಒಳಗಿನವರು. ನೀವು ದುಡ್ಡು ಕೊಟ್ಟು ಅಂಥವರನ್ನೇ ಇನ್ನಷ್ಟು ಕರೆಸಿಕೊಳ್ಳುತ್ತೀರಿ, ಮುಂದಿನ ತಿಂಗಳ ಇನ್‌ಸೈಟ್ಸ್ ಇನ್ನಷ್ಟು ಕೆಡುತ್ತದೆ, ಅದರ ಮುಂದಿನ ಬೂಸ್ಟ್ ಇನ್ನೂ ಕೆಡುತ್ತದೆ. ಆದ್ದರಿಂದ ಪ್ರೇಕ್ಷಕರನ್ನು ಕೈಯಾರೆ ಕಟ್ಟಿ: ಹೆಂಗಸರು, 35–54, ಊರುಗಳು ನಿಮ್ಮ ಪಿನ್‌ಕೋಡ್ ಪಟ್ಟಿಯಿಂದ. ಜಾಹೀರಾತು ಚೆನ್ನಾಗಿ ಬಲ್ಲವರು ಗಿರಾಕಿಗಳ ಪಟ್ಟಿಯಿಂದಲೇ ಅವರಂಥವರನ್ನು ಹುಡುಕಿಸಬಹುದು. ಅದಕ್ಕೆ ಒಂದೇ ದೇಶದ ಕನಿಷ್ಠ 100 ಜನ ಮೆಟಾದ ಖಾತೆಗಳೊಂದಿಗೆ ಹೊಂದಿಕೆಯಾಗಬೇಕು, 120 ನಂಬರ್ ಏರಿಸಿದರೆ ಅಷ್ಟು ಸಿಗುವುದು ಕಷ್ಟ, ಮುನ್ನೂರು ನಾನ್ನೂರು ಆದ ಮೇಲೆ ನೋಡಿ. ಗಿರಾಕಿಯ ಫೋನ್ ನಂಬರನ್ನು ಹಾಗೆ ಬಳಸಲು ಅವರ ಒಪ್ಪಿಗೆ ಬೇಕು, ವಿಳಾಸ ಕೊಟ್ಟ ಮಾತ್ರಕ್ಕೆ ಒಪ್ಪಿಗೆ ಕೊಟ್ಟಂತಲ್ಲ.

ಎರಡು, ಹೊತ್ತು. Most active times ಎಲ್ಲ ಫಾಲೋವರ್‌ಗಳ ಒಟ್ಟು ಲೆಕ್ಕ. ಆರು ಸಾವಿರ ಹುಡುಗರು ರಾತ್ರಿ ಹತ್ತೂವರೆಗೆ ಫೋನ್ ಹಿಡಿದರೆ ಆ ಪಟ್ಟಿ ಹತ್ತೂವರೆ ಎನ್ನುತ್ತದೆ. ನಿಮ್ಮ ಒಂದೂವರೆ ಸಾವಿರ ಹೆಂಗಸರು ಮಧ್ಯಾಹ್ನ ಊಟ ಮುಗಿಸಿ ನೋಡುತ್ತಿರಬಹುದು. ಅವರ ಹೊತ್ತು ತಿಳಿಯಲು ವಾಟ್ಸ್ಯಾಪ್ ಸಾಕು. ಆರ್ಡರ್ ಆದ ಪ್ರತಿ ಚಾಟಿನಲ್ಲಿ ಮೊದಲ ಮೆಸೇಜ್ ಎಷ್ಟು ಗಂಟೆಗೆ ಬಂತು ಎಂದು ಬರೆದುಕೊಳ್ಳಿ. ಐವತ್ತು ಚಾಟ್ ಆದ ಮೇಲೆ ಎಲ್ಲಿ ಗುಂಪು ಕಟ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ.

ಸಭೆಯಿಂದ ಬಂದ ಎರಡು ಪ್ರಶ್ನೆಗಳಿಗೆ ಉತ್ತರಿಸಿ ಮುಗಿಸುತ್ತೇವೆ.

"ಬೇಡದ ಫಾಲೋವರ್‌ಗಳನ್ನು ತೆಗೆದುಹಾಕಬೇಕೇ, ಇಲ್ಲವೇ ಹೊಸ ಖಾತೆ ತೆರೆಯಬೇಕೇ?" ಎರಡೂ ಬೇಡ. ಒಬ್ಬೊಬ್ಬರನ್ನೇ ತೆಗೆಯಬಹುದು, ಆದರೆ ಆರು ಸಾವಿರ ಜನರ ಪ್ರೊಫೈಲ್ ತೆರೆದು ಯಾರು ಕೊಳ್ಳುವವರು ಎಂದು ಹೇಳುವುದು ಯಾರಿಂದಲೂ ಆಗದು, ಆ ಹೊತ್ತಿನಲ್ಲಿ ಎರಡು ಸೀರೆ ನೇಯಬಹುದು. ಹೊಸ ಖಾತೆ ತೆರೆದರೆ 1,484 ಹೆಂಗಸರನ್ನು ಹಿಂದೆ ಬಿಟ್ಟು ಹೋದಂತೆ. ತೆಗೆಯಬೇಕಾದ ಸಂದರ್ಭ ಒಂದೇ: ದುಡ್ಡು ಕೊಟ್ಟು ಫಾಲೋವರ್ ಕೊಂಡಿದ್ದರೆ. ಅದು ದೇಶಗಳ ಪಟ್ಟಿಯಲ್ಲಿ ಸಿಕ್ಕಿಬೀಳುತ್ತದೆ. ಅಮೆರಿಕ, ಕೊಲ್ಲಿ ದೇಶ ಕಂಡರೆ ಗಾಬರಿ ಬೇಡ, ಅಲ್ಲಿ ನಮ್ಮವರಿದ್ದಾರೆ. ನಮ್ಮವರ ಸುಳಿವೇ ಇಲ್ಲದ ದೇಶ ರಾತ್ರೋರಾತ್ರಿ ಮೇಲೆ ಬಂದರೆ ಅದು ಬೇರೆ ಮಾತು.

"ಮಗ್ಗದ ರೀಲ್ ಹಾಕುವುದು ನಿಲ್ಲಿಸಬೇಕೇ?" ಅದಕ್ಕೂ ಮೊದಲು ಒಂದು ಲೆಕ್ಕ ತೆಗೆಯಿರಿ. ಆ ರೀಲಿನ ಎರಡು ತಿಂಗಳಲ್ಲಿ ಸೇರಿದ ಹೆಂಗಸರು 1,510. ಅದಕ್ಕೂ ಮುಂಚಿನ ಎರಡು ತಿಂಗಳಲ್ಲಿ, ಬರೀ ಸೀರೆಯ ಫೋಟೊ ಹಾಕಿದಾಗ, ಎಷ್ಟು ಹೆಂಗಸರು ಸೇರಿದ್ದರು? ಸ್ಕ್ರೀನ್‌ಶಾಟ್ ಇದ್ದರೆ ಐದು ನಿಮಿಷದ ಕೆಲಸ. ಅದು ಇನ್ನೂರು ಮುನ್ನೂರು ಎಂದು ಬಂದರೆ ರೀಲ್ ನಿಲ್ಲಿಸಬೇಡಿ. ಅದನ್ನು ಬೂಸ್ಟ್ ಮಾಡದೆ ಸುಮ್ಮನೆ ಓಡಲು ಬಿಡಿ, ರೀಲಿನ ಕೊನೆಯಲ್ಲಿ ನೇಯ್ದು ಮುಗಿದ ಸೀರೆಯನ್ನು ಬೆಲೆ ಸಮೇತ ತೋರಿಸಿ, ಬೂಸ್ಟಿನ ದುಡ್ಡನ್ನು ಸೀರೆಯ ಪೋಸ್ಟಿಗೆ ಇಡಿ.